ಕೈಗವಸಿನ ಬೆನ್ನ ಮೇಲಿನ ಬರಹ

ಹಿತ್ತಲಿನಲ್ಲಿ ಗುಲಾಬಿಯ ಬೇಲಿ, ಮೇಲಂತಸ್ತಿನಲ್ಲಿ ಗಾರೆಯ ಕೆಲಸ, ಮುಂಗಟ್ಟಿನಲ್ಲಿ ಮಗನ ತಗಡಿನ ಕಾರ್ಯಾಗಾರ: ಈ ಮೂರೂ ಇರುವ ಮನೆಯೊಂದನ್ನು ವಾಚಕರು ಭಾವಿಸಿಕೊಳ್ಳಲಿ. ಅಲ್ಲಿಗೆ ಒಂದೇ ಬಗೆಯ ಕೈಗವಸು ಸಾಲದು. ಏಕೆಂದರೆ ಕೈಗೆ ಒದಗುವ ಅಪಾಯವು ಮೂರೆಡೆಯಲ್ಲಿಯೂ ಬೇರೆ ಬೇರೆ.

ಉತ್ತಮ ಕೈಗವಸಿನ ಬೆನ್ನ ಮೇಲೆ ಇ.ಎನ್. 388 ಎಂಬ ಯುರೋಪಿನ ಮಾನಕದ ಗುರುತು, ಅದರಡಿಯಲ್ಲಿ 4ಎಕ್ಸ್43ಡಿ ಎಂಬಂತಹ ಬರಹ ಇರುತ್ತದೆ. ಇವು ಕ್ರಮವಾಗಿ ಸವೆತ, ಸುತ್ತುವ ಅಲಗಿನ ಕೊಯ್ತ, ಹರಿತ, ಚುಚ್ಚು ಮತ್ತು ನೇರ ಅಲಗಿನ ಕೊಯ್ತಗಳನ್ನು ತಡೆಯುವ ಶಕ್ತಿಯನ್ನು ತಿಳಿಸುತ್ತವೆ. ಗಟ್ಟಿ ನೂಲು ಸುತ್ತುವ ಅಲಗನ್ನೇ ಮೊಂಡಾಗಿಸುವುದರಿಂದ ಅಲ್ಲಿ ಎಕ್ಸ್ ಎಂದು ಬರೆದು, 2016ರ ಪರಿಷ್ಕರಣೆಯಲ್ಲಿ ಸೇರಿದ ಕೊನೆಯ ಅಕ್ಷರವನ್ನೇ ಪ್ರಮಾಣವಾಗಿ ಹಿಡಿಯುತ್ತಾರೆ. ಅದು ಎ ಇಂದ ಎಫ್‌ವರೆಗೆ ಏರುತ್ತದೆ. ಎ ಎಂದರೆ 2 ನ್ಯೂಟನ್, ಡಿ ಎಂದರೆ 15 ನ್ಯೂಟನ್, ಅಂದರೆ ಸುಮಾರು ಒಂದೂವರೆ ಕಿಲೋ ತೂಕದ ಒತ್ತಡ.

ತಗಡಿನ ಅಂಚನ್ನು ಹಿಡಿಯುವ ಮಗನಿಗೆ ಈ ಡಿ ದರ್ಜೆಯೇ ತಕ್ಕದ್ದು. ತಗಡಿಗೆ ಎಣ್ಣೆಯ ಪಸೆಯಿರುವುದರಿಂದ ಅಂಗೈಗೆ ನೈಟ್ರೈಲ್ ನೊರೆಯ ಲೇಪವಿರಬೇಕು. ಲ್ಯಾಟೆಕ್ಸ್ ಒದ್ದೆಯಲ್ಲಿ ಚೆನ್ನಾಗಿ ಹಿಡಿದರೂ ಎಣ್ಣೆಗೆ ಉಬ್ಬಿ ಕೆಡುತ್ತದೆ. ಬೆನ್ನಿನ ಭಾಗ ಲೇಪವಿಲ್ಲದ ಹೆಣಿಗೆಯಾಗಿದ್ದರೆ ಬೆವರು ಆರುತ್ತದೆ.

ಆದರೆ ಗಾಳಿಯಾಡುವ ಅದೇ ಬೆನ್ನು ಗಾರೆಯ ಕೆಲಸದಲ್ಲಿ ದೋಷವಾಗುತ್ತದೆ. ಹಸಿ ಸಿಮೆಂಟು ತೀಕ್ಷ್ಣವಾದ ಕ್ಷಾರ. ಅದರ ನೀರು ಹೆಣಿಗೆಯಲ್ಲಿ ಇಂಗಿ ಚರ್ಮಕ್ಕೆ ಅಂಟಿ ನಿಂತು ಸುಡುತ್ತದೆ. ಉರಿಯು ತಡವಾಗಿ ತಿಳಿಯುವುದರಿಂದ ಗಾಯ ಆಳವಾಗಬಹುದು. ಆದ್ದರಿಂದ ಅಲ್ಲಿ ಬೆವರನ್ನು ಸಹಿಸಿಯಾದರೂ ಮಣಿಕಟ್ಟಿನ ಮೇಲಕ್ಕೆ ಬರುವ, ಪೂರ್ತಿ ಲೇಪವುಳ್ಳ, ನೀರು ಇಂಗದ ಕೈಗವಸನ್ನೇ ತೊಡತಕ್ಕದ್ದು. ಒಳಗೆ ಒದ್ದೆಯಾದರೆ ಕೂಡಲೇ ಕಳಚಿ ಕೈಯನ್ನು ಧಾರಾಳ ನೀರಿನಲ್ಲಿ ತೊಳೆಯಬೇಕು.

ಗುಲಾಬಿಗೆ ಡಿ ದರ್ಜೆಯಿದ್ದರೂ ಪ್ರಯೋಜನವಿಲ್ಲ. ಹೆಣಿಗೆಯ ಎಳೆಗಳ ನಡುವೆ ಮುಳ್ಳು ನುಸುಳುತ್ತದೆ. ಚುಚ್ಚಿನ ಅಂಕವನ್ನು ನಂಬುವಂತೆಯೂ ಇಲ್ಲ. ಆ ಪರೀಕ್ಷೆಯ ಕಡ್ಡಿಯು ಮೊಳೆಯಷ್ಟು ದಪ್ಪ, ಮುಳ್ಳಾದರೋ ಸೂಜಿಯಂತೆ ಸಣ್ಣದು. ಮೊಣಕೈವರೆಗಿನ ದಪ್ಪ ಚರ್ಮದ ಕೈಗವಸೇ ಅಲ್ಲಿ ಉಚಿತ.

ಕೊನೆಯದಾಗಿ, ಕಾರ್ಯಾಗಾರದಲ್ಲಿ ತಿರುಗುವ ರಂಧ್ರಯಂತ್ರ ಮತ್ತು ಲೇತಿನ ಮುಂದೆ ಯಾವ ಕೈಗವಸನ್ನೂ ತೊಡಕೂಡದು. ತುದಿಯೊಂದು ಸಿಕ್ಕಿದರೆ ಸಾಕು, ಹರಿಯದ ಆ ಗಟ್ಟಿ ನೂಲೇ ಕೈಯನ್ನು ಒಳಗೆಳೆಯುತ್ತದೆ. ತಗಡನ್ನು ಹೊತ್ತು ತಂದು ಬಿಗಿದ ಮೇಲೆ ಕೈಗವಸನ್ನು ಕಳಚಿಟ್ಟು, ಆ ಬಳಿಕ ಯಂತ್ರವನ್ನು ಚಾಲೂ ಮಾಡುವುದು ಕ್ರಮ.