ಮೂಗು ಅಳೆದರೆ ಮೂಲ ಸಿಗುವುದಿಲ್ಲ

ಮದುವೆ ಸಂಬಂಧದ ಮಾತು ಬಂದಾಗ ನಮ್ಮಲ್ಲಿ ಮೂಗಿನ ಸುದ್ದಿಯೂ ಬರ್ತದೆ. ನೀಳ ಮೂಗಿದ್ದರೆ ‘ಅರಬರ ರಕ್ತ’, ಅಗಲ ಮೂಗಿದ್ದರೆ ಒಂದು ಮೆಟ್ಟಿಲು ಕೆಳಗೆ ಅಂತ ಲೆಕ್ಕ. ಈ ಲೆಕ್ಕಕ್ಕೆ ಒಂದು ಕಾಲದಲ್ಲಿ ವಿಜ್ಞಾನದ ಮುದ್ರೆಯೂ ಇತ್ತು.

ಬ್ರಿಟಿಷ್ ಅಧಿಕಾರಿ ಹರ್ಬರ್ಟ್ ರಿಸ್ಲಿ ಬಂಗಾಳದಲ್ಲಿ ಜನರ ಮೂಗು ಅಳೆಸಿ, ಮೂಗು ಅಗಲವಾದಷ್ಟೂ ಜಾತಿ ಕೆಳಗೆ ಎಂದು ಬರೆದ. ನಮ್ಮ ಜಿಲ್ಲೆ ಆಗ ಸೇರಿದ್ದ ಮದ್ರಾಸ್ ಪ್ರಾಂತ್ಯದಲ್ಲಿ ಅಳತೆ ಕಡ್ಡಿ ಹಿಡಿದವರು ಮ್ಯೂಸಿಯಂನ ಎಡ್ಗರ್ ಥರ್ಸ್ಟನ್. ಲೆಕ್ಕ ಸರಳ: ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸುವುದು. 70ಕ್ಕಿಂತ ಕಡಿಮೆ ಬಂದರೆ ಕಿರಿದು, 85 ದಾಟಿದರೆ ಅಗಲ, ನಡುವಿನದ್ದು ಮಧ್ಯಮ.

ಒಬ್ಬರ ಮೂಗು 36 ಮಿ.ಮೀ. ಅಗಲ, 51 ಮಿ.ಮೀ. ಉದ್ದ ಅಂತಿಟ್ಟುಕೊಳ್ಳಿ. ಉತ್ತರ 70.6, ಮಧ್ಯಮ. ಮೂಗಿನ ಬುಡ ಎಲ್ಲಿ ಶುರುವಾಗ್ತದೆ ಅಂತ ಚರ್ಮದ ಮೇಲಿಂದ ಸರಿಯಾಗಿ ಹೇಳುವುದು ಕಷ್ಟ. ಅಳೆಯುವವ ಎರಡೇ ಮಿ.ಮೀ. ಮೇಲೆ ಹಿಡಿದರೆ ಉತ್ತರ 67.9. ಅದೇ ಮನುಷ್ಯ, ಅದೇ ಮೂಗು, ‘ಜನಾಂಗ’ ಮಾತ್ರ ಬೇರೆ!

ಮೂಗಿನ ನಿಜವಾದ ಕೆಲಸ ಬೇರೆಯೇ ಉಂಟು. ಒಳಗೆ ಹೋಗುವ ಗಾಳಿಯನ್ನು ಬೆಚ್ಚಗೆ, ತೇವ ಮಾಡಿ ಶ್ವಾಸಕೋಶಕ್ಕೆ ಕಳಿಸುವುದು ಅದರ ಕೆಲಸ. ಕಿರಿದಾದ ಹಾದಿಯಲ್ಲಿ ಗಾಳಿ ಒದ್ದೆ ಗೋಡೆಗೆ ಹೆಚ್ಚು ತಾಗ್ತದೆ. ಹಾಗಾಗಿ ಚಳಿಯ, ಒಣ ಹವೆಯ ನಾಡುಗಳಲ್ಲಿ ತಲೆಮಾರುಗಳು ಕಳೆದಂತೆ ಕಿರಿದಾದ ಮೂಗು ಹೆಚ್ಚಾಯಿತು. ನಮ್ಮ ಕರಾವಳಿಯಂಥ ಸೆಖೆಯ, ತೇವದ ಊರಲ್ಲಿ ಆ ಒತ್ತಡವಿಲ್ಲ. ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ತಂಡವೊಂದು 2017ರಲ್ಲಿ ನಾಲ್ಕು ಪ್ರದೇಶಗಳ ಮೂಲದವರ ಮುಖ ಅಳೆದಾಗ, ಮೂಗಿನ ಹೊಳ್ಳೆಗಳ ಅಗಲ ಪೂರ್ವಜರ ನಾಡಿನ ಉಷ್ಣತೆ ಮತ್ತು ತೇವಾಂಶದೊಂದಿಗೆ ಹೊಂದಿಕೊಂಡು ಹೋಗುವುದು ಕಂಡಿತು. ಆದರೆ ಮೂಗಿನ ಎಲ್ಲ ಅಳತೆಗಳೂ ಹಾಗಲ್ಲ. ಉದ್ದದಂಥವು ಹೆಚ್ಚಾಗಿ ಹಿರಿಯರಿಂದ ಆಕಸ್ಮಿಕವಾಗಿ ಇಳಿದು ಬಂದ ವ್ಯತ್ಯಾಸಗಳು.

ಮೈಕಟ್ಟಿನದ್ದೂ ಇದೇ ಕತೆ. ದಕ್ಷಿಣ ಸುಡಾನಿನ ಬಿಸಿಲಲ್ಲಿ ಬದುಕುವ ಡಿಂಕಾ ಜನರದ್ದು ಉದ್ದ ಕೈಕಾಲು, ತೆಳ್ಳಗಿನ ಮೈ. ಮೈಯ ಬಿಸಿ ಬೇಗ ಹೊರಹೋಗ್ತದೆ. ಹಿಮದ ನಾಡಿನ ಇನ್ಯುಯಿಟ್ ಜನರದ್ದು ಗಿಡ್ಡ ಕೈಕಾಲು, ದಪ್ಪ ಮುಂಡ. ಬಿಸಿ ಒಳಗೇ ಉಳಿತದೆ. ಈಗ ಮೂಗು ನೋಡಿ. ಇನ್ಯುಯಿಟ್ ಜನರದ್ದೂ ಉತ್ತರ ಯುರೋಪಿನವರದ್ದೂ ಕಿರಿದು. ಮೂಗು ನೋಡಿ ಗುಂಪು ಮಾಡಿದರೆ ಇಬ್ಬರೂ ಒಂದೇ ಜನಾಂಗ! ಚರ್ಮದ ಬಣ್ಣ ನೋಡಿ ಮಾಡಿದರೆ ಇನ್ನೊಂದೇ ಗುಂಪು, ಕೈಕಾಲು ನೋಡಿದರೆ ಮತ್ತೊಂದು. ಪ್ರತಿ ಅಳತೆಯೂ ಗೆರೆಯನ್ನು ಬೇರೆ ಕಡೆ ಎಳೆಯುವಾಗ, ಗೆರೆ ಜನರಲ್ಲಿಲ್ಲ, ಅಳೆಯುವವನ ತಲೆಯಲ್ಲಿದೆ ಅಂತಲೇ ಅರ್ಥ.

ನಮ್ಮ ಕರಾವಳಿಗೆ ಅರಬ್ ವ್ಯಾಪಾರಿಗಳು ಬಂದದ್ದು ನಿಜ. ಆದರೆ ಒಂದೇ ತಾಯಿಯ ಮಕ್ಕಳಲ್ಲೇ ಒಬ್ಬನದ್ದು ನೀಳ ಮೂಗು, ಇನ್ನೊಬ್ಬಳದ್ದು ಅಗಲ. ಇಬ್ಬರ ಪೂರ್ವಜರೂ ಅವರೇ ಅಲ್ಲವೇ? ಹೆಣ್ಣು ನೋಡಲು ಹೋದವರು ಮೂಗಲ್ಲಿ ವಂಶ ಹುಡುಕುವುದನ್ನು ನಾವು ಬಿಡಬೇಕು. ಅಲ್ಲಿ ಕಾಣುವುದು ಅಜ್ಜ-ಅಜ್ಜಿಯರು ಉಸಿರಾಡಿದ ಹವೆಯ ಗುರುತು, ಅದೂ ಅರ್ಧಂಬರ್ಧ.