ಹಳೆಯ ವಿಳಾಸಕ್ಕೂ ಬೆಲೆಯುಂಟು

ಹಿಂಡಲಗಾದಿಂದ ವೆಂಗುರ್ಲಾ ರಸ್ತೆಯಲ್ಲಿ ಮುಂದೆ ಸಾಗಿದರೆ ರಾಜ್ಯದ ಗಡಿ ದೂರವಿಲ್ಲ. ಗಡಿಯಾಚೆ ಚಂದಗಡ ತಾಲೂಕಿನ ಶಿನೋಳಿ. ಹಿಂಡಲಗಾದ ಗ್ರಾಹಕರು ತಮ್ಮ ಕಾರ್ಖಾನೆಯನ್ನು ಅಲ್ಲಿಗೆ ಸ್ಥಳಾಂತರಿಸಿದರೆ ಹೊಸ ಜಿಎಸ್‌ಟಿ ನೋಂದಣಿ ಪಡೆಯಬೇಕು. ಸಂಖ್ಯೆಯ ಮೊದಲೆರಡು ಅಂಕಿಗಳು 29ರ ಬದಲು 27 ಆಗುತ್ತವೆ. ಮಾರಾಟಗಾರರ ಗುಮಾಸ್ತರು ಮಾತ್ರ ಗಣಕದಲ್ಲಿ ಹಳೆಯ ವಿಳಾಸವನ್ನು ಅಳಿಸಿ ಹೊಸದನ್ನು ಬರೆದು ಸುಮ್ಮನಾಗುತ್ತಾರೆ. ತಪ್ಪು ಆರಂಭವಾಗುವುದು ಇಲ್ಲಿಯೇ.

ಉದಾಹರಣೆಗೆ, 117ನೆಯ ಸಂಖ್ಯೆಯ ಗ್ರಾಹಕರು 2023ರ ಅಕ್ಟೋಬರ್ 1ರಂದು ಸ್ಥಳಾಂತರಗೊಂಡರೆಂದು ಭಾವಿಸಬಹುದು. ಆ ಆರ್ಥಿಕ ವರ್ಷದ ಪೂರ್ವಾರ್ಧದಲ್ಲಿ 4 ಲಕ್ಷ, ಉತ್ತರಾರ್ಧದಲ್ಲಿ 6 ಲಕ್ಷ ರೂಪಾಯಿಗಳ ಮಾಲು ಅವರಿಗೆ ಹೋಗಿದೆ. ವಿಳಾಸವನ್ನು ಅಳಿಸಿ ಬರೆದಿದ್ದರೆ ವಾರ್ಷಿಕ ವರದಿಯಲ್ಲಿ ಹತ್ತೂ ಲಕ್ಷ ಮಹಾರಾಷ್ಟ್ರದ ಮಾರಾಟವೆಂದು ಕಾಣುತ್ತದೆ. ಮುದ್ರಿತ ಬಿಲ್ಲುಗಳು ಒಂದು ಹೇಳಿದರೆ ವರದಿ ಇನ್ನೊಂದು ಹೇಳುತ್ತದೆ.

ಇದಕ್ಕೆ ಪರಿಹಾರವೆಂದರೆ, ಮಾಹಿತಿ ಕಣಜದ ಗ್ರಾಹಕ ಕೋಷ್ಟಕದಲ್ಲಿ ಒಬ್ಬ ಗ್ರಾಹಕರಿಗೆ ಎರಡು ಸಾಲುಗಳಿರಲು ಅವಕಾಶ ಕೊಡುವುದು. ಹಿಂಡಲಗಾ ವಿಳಾಸದ 501ನೆಯ ಸಾಲಿಗೆ 30-9-2023 ಅಂತ್ಯ ದಿನಾಂಕವಾಗಿ, ‘ಚಾಲ್ತಿ’ ಗುರುತು ‘ಇಲ್ಲ’ ಎಂದಾಗುತ್ತದೆ. ಶಿನೋಳಿಯ 842ನೆಯ ಸಾಲು 1-10-2023ರಿಂದ ಆರಂಭವಾಗುತ್ತದೆ. ಅದರ ಅಂತ್ಯ 31-12-9999, ಗುರುತು ‘ಹೌದು’. ಗ್ರಾಹಕ ಸಂಖ್ಯೆ ಎರಡರಲ್ಲೂ 117 ಆಗಿಯೇ ಉಳಿಯುತ್ತದೆ. ಪ್ರತಿಯೊಂದು ಮಾರಾಟವೂ ಆ ದಿನ ಜಾರಿಯಲ್ಲಿದ್ದ ಸಾಲಿನ ಸಂಖ್ಯೆಯನ್ನು ಹೊತ್ತಿರುವುದರಿಂದ 4 ಲಕ್ಷ ಕರ್ನಾಟಕದಲ್ಲಿಯೂ 6 ಲಕ್ಷ ಮಹಾರಾಷ್ಟ್ರದಲ್ಲಿಯೂ ನಿಲ್ಲುತ್ತದೆ. ಚಾಲ್ತಿ ಗುರುತು ಇಂದಿನ ಮಾಲು ರವಾನೆಗೆ ಮಾತ್ರ. ಹಿಂದಿನ ವರದಿಗೆ ಅದನ್ನು ಬಳಸಬಾರದು.

ಈ ಪದ್ಧತಿಯಲ್ಲಿಯೂ ಎಡವಲು ಅವಕಾಶಗಳಿವೆ. ಬದಲಾವಣೆಯ ಸುದ್ದಿ ನವೆಂಬರ್ 10ರಂದು ತಲುಪಿದರೂ ಆರಂಭ ದಿನಾಂಕ ಅಕ್ಟೋಬರ್ 1 ಆಗಿರಬೇಕು. ನಡುವಣ ಮಾರಾಟಗಳನ್ನು 501ರಿಂದ 842ಕ್ಕೆ ವರ್ಗಾಯಿಸಬೇಕು. ಹಳೆಯ ಸಾಲನ್ನು ಮುಚ್ಚಲು ಮರೆತರೆ ಒಬ್ಬರಿಗೇ ಎರಡು ಚಾಲ್ತಿ ವಿಳಾಸಗಳಾಗುತ್ತವೆ. ಆಗ ಗ್ರಾಹಕ ಸಂಖ್ಯೆಯ ಮೂಲಕ ಜೋಡಿಸಿದ ವರದಿಯಲ್ಲಿ ಒಂದೇ ಮಾರಾಟ ಎರಡು ಬಾರಿ ಲೆಕ್ಕಕ್ಕೆ ಬರುತ್ತದೆ. ಪ್ರತಿ ಗ್ರಾಹಕರಿಗೂ ಒಂದೇ ‘ಹೌದು’ ಇದೆಯೇ, ಒಂದು ಸಾಲಿನ ಅಂತ್ಯದ ಮರುದಿನವೇ ಮುಂದಿನದು ಆರಂಭವಾಗಿದೆಯೇ ಎಂದು ತಿಂಗಳಿಗೊಮ್ಮೆ ನೋಡಿದರೆ ಇಂತಹ ದೋಷಗಳು ಹೊರಬೀಳುತ್ತವೆ.

ಹಾಗೆಂದು ಎಲ್ಲ ತಿದ್ದುಪಡಿಗೂ ಹೊಸ ಸಾಲು ಸಲ್ಲದು. ಕಾಗುಣಿತದ ತಪ್ಪನ್ನು ಅಳಿಸಿಯೇ ತಿದ್ದಬೇಕು. 2014ರ ನವೆಂಬರ್ 1ರಂದು ಬೆಳಗಾಂ ಬೆಳಗಾವಿಯಾದಾಗ ಹೆಸರು ಬದಲಾಯಿತೇ ಹೊರತು ಯಾವ ಅಂಗಡಿಯೂ ಜಾಗ ಬಿಟ್ಟು ಕದಲಲಿಲ್ಲ. ಮಾರಾಟ ವರದಿಯ ಮಟ್ಟಿಗೆ ಅದಕ್ಕೆ ಹೊಸ ಸಾಲು ತೆರೆದರೆ ಒಂದೇ ಊರು ಎರಡಾಗಿ ಒಡೆದು ಕಾಣುತ್ತದೆ. ಗ್ರಾಹಕರು ನಿಜವಾಗಿಯೂ ಸ್ಥಳ ಬದಲಿಸಿದರೇ ಎಂಬುದನ್ನು ಗಣಕಯಂತ್ರ ಅರಿಯದು. ಆ ನಿರ್ಣಯವನ್ನು ತಂತ್ರಾಂಶದವರಿಗೆ ಬಿಡದೆ ವರ್ತಕರೇ ಮಾಡುವುದು ಉಚಿತ.