ಪ್ರೋನೋಟಿನ ದಾವೆಯೂ ಪ್ರತಿವಾದದ ಅನುಮತಿಯೂ

ಅಡಿಕೆ ಕೊಟ್ಟು, ಹಣಕ್ಕೆ ಬದಲಾಗಿ ಪ್ರೋನೋಟು ಬರೆಸಿಕೊಳ್ಳುವ ರೂಢಿ ನಮ್ಮ ಸದಸ್ಯರಲ್ಲಿ ಇನ್ನೂ ಇದೆ. ಹಣ ಬಾರದಿದ್ದಾಗ ವಕೀಲರು ಸಂಕ್ಷಿಪ್ತ ದಾವೆ ಹೂಡೋಣ ಎನ್ನುತ್ತಾರೆ; ಕೇಳಿದವರು ಮೂರು ತಿಂಗಳಲ್ಲಿ ಡಿಕ್ರಿ ಕೈಗೆ ಬಂತೆಂದೇ ತಿಳಿಯುತ್ತಾರೆ. ಸಹಿ ಮಾಡಿದವರಾದರೋ ಕೋರಾ ಕಾಗದಕ್ಕೆ ಸಹಿ ಹಾಕಿದ್ದೆ ಎಂದರೆ ಸಾಕು, ದಾವೆ ಬಿದ್ದುಹೋಗುತ್ತದೆ ಎಂದುಕೊಂಡಿರುತ್ತಾರೆ. ಎರಡೂ ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೇ ಆದೇಶದ ವಿಶೇಷವೆಂದರೆ ಇಲ್ಲಿ ಪ್ರತಿವಾದಿಗೆ ತನ್ನ ವಾದ ಹೂಡುವ ಹಕ್ಕು ತಾನಾಗಿ ಬರುವುದಿಲ್ಲ. ಅದನ್ನು ಕೇಳಿ ಪಡೆಯಬೇಕು. ಸಮನ್ಸು ಮುಟ್ಟಿದ 10 ದಿನಗಳೊಳಗೆ ತಾನಾಗಲಿ ವಕೀಲರ ಮೂಲಕವಾಗಲಿ ಹಾಜರಾಗಿ ವಿಳಾಸ ಕೊಡಬೇಕು. ಆ ಮೇಲೆ ವಾದಿಯು ತೀರ್ಪಿಗಾಗಿ ಇನ್ನೊಂದು ಸಮನ್ಸು ಕಳಿಸುತ್ತಾನೆ. ಅದು ಮುಟ್ಟಿದ 10 ದಿನಗಳಲ್ಲಿ ಪ್ರಮಾಣಪತ್ರದೊಡನೆ ಅನುಮತಿಯ ಅರ್ಜಿ ಹಾಕಬೇಕು. ಮೊದಲನೆಯ ಗಡುವು ತಪ್ಪಿದರೆ ದಾವಾಪತ್ರದಲ್ಲಿ ಹೇಳಿದ್ದನ್ನೆಲ್ಲ ಒಪ್ಪಿಕೊಂಡಂತೆ. ಎರಡನೆಯದು ತಪ್ಪಿದರೂ ಡಿಕ್ರಿಯೇ. ತಕ್ಕ ಕಾರಣ ತೋರಿಸಿದರೆ ವಿಳಂಬವನ್ನು ಮನ್ನಿಸಲು ಅವಕಾಶವಿದೆ, ನಿಜ. ಆದರೆ ಕೊಯ್ಲಿನ ಗಡಿಬಿಡಿಯಲ್ಲಿದ್ದೆ ಎಂಬುದು ತಕ್ಕ ಕಾರಣವಾದೀತೆಂದು ನಂಬಿ ಕೂರುವುದು ಬೇಡ.

ಒಂದು ಉದಾಹರಣೆಯನ್ನು ಕಟ್ಟಿಕೊಂಡು ನೋಡೋಣ. ನಮ್ಮ ಬೆಳೆಗಾರರೊಬ್ಬರು ಸವದತ್ತಿ ತಾಲ್ಲೂಕಿನ ಮುನವಳ್ಳಿಯ ವ್ಯಾಪಾರಿಯೊಬ್ಬರಿಗೆ ಎರಡು ಸಲ ಚಾಲಿ ಅಡಿಕೆ ಕಳಿಸಿದ್ದಾರೆ. ಕೇಳಿದಾಗ ಕೊಡುವೆನೆಂದು ವ್ಯಾಪಾರಿ ಸಹಿ ಮಾಡಿದ ಪ್ರೋನೋಟಿನಲ್ಲಿ 2,40,000 ರೂಪಾಯಿ ಎಂದಿದೆ. ಕೇಳಿದರೂ ಹಣ ಬರಲಿಲ್ಲ. ಪ್ರತಿವಾದಿ ವಾಸಿಸುವುದು ಮುನವಳ್ಳಿಯಲ್ಲಾದ್ದರಿಂದ ದಾವೆಯನ್ನು ಸವದತ್ತಿಯ ನ್ಯಾಯಾಲಯದಲ್ಲಿ ಹೂಡಬಹುದು. 1976ರ ತಿದ್ದುಪಡಿಯ ತರುವಾಯ 37ನೇ ಆದೇಶ ದೊಡ್ಡ ಪಟ್ಟಣಗಳ ನ್ಯಾಯಾಲಯಗಳಿಗಷ್ಟೇ ಮೀಸಲಾಗಿ ಉಳಿದಿಲ್ಲ.

ವಾದಿ ಮೊದಲು ತನ್ನ ಕಾಗದವನ್ನು ನೋಡಿಕೊಳ್ಳಬೇಕು. ಕೇಳಿದಾಗ ಕೊಡಬೇಕಾದ ನೋಟಿಗೆ ಬರೆದ ದಿನದಿಂದಲೇ 3 ವರ್ಷದ ವಾಯಿದೆ. ನಾವು ಕೇಳಿದ ದಿನದಿಂದಲ್ಲ. ಸ್ಟಾಂಪು ಹಚ್ಚದ, ಅಥವಾ ಹಚ್ಚಿದ ಸ್ಟಾಂಪನ್ನು ಸಹಿಯಿಂದ ರದ್ದುಮಾಡದ ಪ್ರೋನೋಟನ್ನು ದಂಡ ಕಟ್ಟಿ ಸರಿಮಾಡಲು ಬರುವುದಿಲ್ಲ. ಅದು ಸಾಕ್ಷ್ಯವಾಗುವುದೇ ಇಲ್ಲ. ದಾವಾಪತ್ರದಲ್ಲಿ ಇದು 37ನೇ ಆದೇಶದ ದಾವೆಯೆಂದು ಸ್ಪಷ್ಟವಾಗಿ ಹೇಳಿರಬೇಕು, ಆ ಆದೇಶದ ವ್ಯಾಪ್ತಿಗೆ ಹೊರತಾದ ಬೇರೆ ಪರಿಹಾರವನ್ನು ಸೇರಿಸಿರಬಾರದು. ಹಳೆಯ ಬಾಯಿಲೆಕ್ಕದ ಬಾಕಿಯನ್ನೂ ಇದರಲ್ಲೇ ಸೇರಿಸಿಬಿಡೋಣ ಎಂಬ ಆಸೆಯಿಂದ ಸಂಕ್ಷಿಪ್ತ ದಾವೆಯ ಅನುಕೂಲವೇ ಕೈತಪ್ಪುತ್ತದೆ.

ಇನ್ನು ವ್ಯಾಪಾರಿಯ ಪ್ರಮಾಣಪತ್ರ. ನಾನು ಖಾಲಿ ನೋಟಿಗೆ ಸಹಿ ಮಾಡಿದ್ದೆ, ವಾದಿ ಮನಬಂದಂತೆ ತುಂಬಿಕೊಂಡಿದ್ದಾನೆ ಎಂದಷ್ಟೇ ಬರೆದರೆ ಅದು ತಕರಾರಾಯಿತೇ ಹೊರತು ವಿಚಾರಣೆಗೆ ಯೋಗ್ಯವಾದ ಪ್ರಶ್ನೆಯಾಗಲಿಲ್ಲ. ಏಕೆಂದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 20ನೇ ಕಲಮಿನಂತೆ, ಸ್ಟಾಂಪು ಹಚ್ಚಿದ ಕಾಗದಕ್ಕೆ ಸಹಿ ಮಾಡಿ ಕೈಗಿತ್ತವನು ತುಂಬಿಕೊಳ್ಳುವ ಅಧಿಕಾರವನ್ನೂ ಕೊಟ್ಟಂತೆ. ಆದರೆ ಅದೇ ಕಲಮಿನ ಕೊನೆಯ ಮಾತನ್ನು ಬಹಳ ಮಂದಿ ಓದುವುದಿಲ್ಲ. ಬೆಲೆ ತೆತ್ತು ಪ್ರಾಮಾಣಿಕವಾಗಿ ಆ ನೋಟನ್ನು ಪಡೆದ ಮೂರನೆಯವನನ್ನು ಬಿಟ್ಟರೆ ಬೇರೆ ಯಾರೂ, ಸಹಿ ಮಾಡಿದವನು ಎಷ್ಟು ಕೊಡಲು ಉದ್ದೇಶಿಸಿದ್ದನೋ ಅದಕ್ಕಿಂತ ಹೆಚ್ಚು ವಸೂಲು ಮಾಡುವಂತಿಲ್ಲ. ಆದ್ದರಿಂದ ಪ್ರಶ್ನೆ ಕಾಗದ ಖಾಲಿಯಿತ್ತೇ ಎಂಬುದಲ್ಲ, ಎಷ್ಟಕ್ಕೆಂದು ಸಹಿ ಬಿತ್ತು ಎಂಬುದು.

ನಮ್ಮ ವ್ಯಾಪಾರಿ ಹೀಗೆ ಬರೆಯುತ್ತಾರೆನ್ನೋಣ: ಸಹಿ ಮಾಡಿದ್ದು ಮೊದಲ ಸಲದ ಮಾಲಿನ 90,000 ರೂಪಾಯಿಗೆ, ಎರಡನೆಯ ಸಲದ್ದು ಬೂಸಲು ಹಿಡಿದಿದ್ದರಿಂದ ಇಂಥ ತಾರೀಖಿನಂದು ಲಾರಿಯಲ್ಲಿ ಹಿಂದಕ್ಕೆ ಕಳಿಸಿದೆ, ರಸೀದಿ ಇದೆ, 90,000ದಲ್ಲಿ 40,000ವನ್ನು ಬ್ಯಾಂಕಿನ ಮೂಲಕ ಕೊಟ್ಟಿದ್ದೇನೆ. ಈ ಸಂಗತಿಗಳು ರುಜುವಾತಾದರೆ ದಾವೆಯ ಬಹುಭಾಗ ಬೀಳುತ್ತದೆ. ಇದೇ ವಿಚಾರಣೆಗೆ ಯೋಗ್ಯವಾದ ಪ್ರಶ್ನೆ. ಆದರೆ ಅವರ ಮಾತಿನಂತೆಯೇ 50,000 ಬಾಕಿ ಉಳಿಯಿತಲ್ಲ! ಒಪ್ಪಿಕೊಂಡ ಆ ಮೊತ್ತವನ್ನು ನ್ಯಾಯಾಲಯದಲ್ಲಿ ಠೇವಣಿ ಇಡದೆ ಅನುಮತಿ ಸಿಗದು. ಇಟ್ಟ ಮೇಲೆ ವಿಚಾರಣೆ ನಡೆಯುವುದು ಮಿಕ್ಕ 1,90,000ದ ಬಗ್ಗೆ.

ಇದೇ ಹಂತದಲ್ಲಿ ಸಾಕ್ಷ್ಯವೆಲ್ಲ ಬೇಕೇ? ಬೇಡ. ಸಂತೋಷ್ ಕುಮಾರ್ ವಿರುದ್ಧ ಭಾಯಿ ಮೂಲ್ ಸಿಂಗ್ ಎಂಬ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1958ರಲ್ಲಿಯೇ ಇದನ್ನು ಹೇಳಿದೆ. ಅಲ್ಲಿದ್ದುದು ಅಮಾನ್ಯವಾದ 60,000 ರೂಪಾಯಿಯ ಚೆಕ್ಕು. ಅದು ಮಾಲಿನ ಬೆಲೆಗೆ ಭದ್ರತೆಯೆಂದು ಕೊಟ್ಟದ್ದು, ಬೆಲೆ ಬೇರೆ ರೀತಿಯಲ್ಲಿ ಸಂದಾಯವಾಗಿದೆ ಎಂಬುದು ಪ್ರತಿವಾದ. ಕೆಳಗಿನ ನ್ಯಾಯಾಲಯ ಇದು ವಿಚಾರಣೆಗೆ ಯೋಗ್ಯವೆಂದು ಒಪ್ಪಿಯೂ, ದಾಖಲೆ ತಂದಿಲ್ಲವೆಂದು ಭದ್ರತೆ ಕೇಳಿತ್ತು. ವಾದಿಸಲು ಬಿಡುವ ಮೊದಲೇ ರುಜುವಾತು ಕೇಳುವುದು ಸರಿಯಲ್ಲವೆಂದು ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದುಗೊಳಿಸಿತು. ಹಾಗೆಂದು ಇರುವ ರಸೀದಿಯನ್ನು ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳಬೇಕಾಗಿಲ್ಲ. ತಾರೀಖು, ತೂಕ, ಮೊತ್ತ ಇದ್ದ ಪ್ರಮಾಣಪತ್ರಕ್ಕೂ ಬರೀ ಗೋಳಿನ ಪ್ರಮಾಣಪತ್ರಕ್ಕೂ ನ್ಯಾಯಾಧೀಶರ ಕಣ್ಣಿಗೆ ವ್ಯತ್ಯಾಸ ಕಂಡೇ ಕಾಣುತ್ತದೆ.

ಇಂದಿನ ಅಳತೆಗೋಲು ಐಡಿಬಿಐ ಟ್ರಸ್ಟೀಷಿಪ್ ವಿರುದ್ಧ ಹಬ್‌ಟೌನ್ ಮೊಕದ್ದಮೆಯ 2016ರ ತೀರ್ಪು. ಗೆಲ್ಲುವಂಥ ಪ್ರತಿವಾದವಿದ್ದರೆ ಷರತ್ತಿಲ್ಲದ ಅನುಮತಿ. ಗೆಲುವು ಖಚಿತವಲ್ಲದಿದ್ದರೂ ನ್ಯಾಯವಾದ ಪ್ರತಿವಾದವೆನಿಸಿದರೆ ಸಾಮಾನ್ಯವಾಗಿ ಆಗಲೂ ಹಾಗೆಯೇ. ಪ್ರಶ್ನೆ ಇದ್ದರೂ ಪ್ರಾಮಾಣಿಕತೆಯ ಬಗ್ಗೆ ಸಂದೇಹ ಬಂದರೆ ಠೇವಣಿ ಅಥವಾ ಭದ್ರತೆ ಕೇಳಬಹುದು. ನಂಬಲು ಕಷ್ಟವಾದ ಪ್ರತಿವಾದವಾದರೆ ಅಸಲು ಬಡ್ಡಿ ಸಮೇತ ಪೂರ್ತಿ ಕೇಳಲೂಬಹುದು. ಹುರುಳಿಲ್ಲದ ವಾದಕ್ಕೆ ಅನುಮತಿಯೇ ಇಲ್ಲ. ನಮ್ಮ ವ್ಯಾಪಾರಿ ಮೊದಲು ನೋಟೀಸಿಗೆ ಉತ್ತರವಾಗಿ ಸ್ವಲ್ಪ ಕಾಲಾವಕಾಶ ಕೊಡಿರೆಂದು ಬರೆದಿದ್ದು, ಈಗ ಹಠಾತ್ತನೆ ಬೂಸಲಿನ ಕಥೆ ತಂದರೆ, ಸಂದೇಹ ಹುಟ್ಟುವುದು ಸಹಜ. ಷರತ್ತು ಬೀಳುವುದು ಇಂಥಲ್ಲಿಯೇ.

ಇಲ್ಲಿ ನಮ್ಮದೊಂದು ಮಾತಿದೆ. ಕೈಯಲ್ಲಿ ಹಣವಿಲ್ಲದವನಿಗೆ ಎರಡು ಲಕ್ಷ ಕಟ್ಟಿ ವಾದಿಸು ಎನ್ನುವುದೂ ವಾದಿಸಬೇಡ ಎನ್ನುವುದೂ ಒಂದೇ. ಷರತ್ತು ಹಾಕುವಾಗ ಸಂದೇಹಕ್ಕೆ ಕಾರಣವೇನೆಂದು ಆದೇಶದಲ್ಲಿ ಬರೆಯಬೇಕು, ಮತ್ತು ಮೊತ್ತ ಆ ಸಂದೇಹದ ಅಳತೆಗೆ ಹೊಂದಬೇಕು. ಸಾಲಗಾರರೆಲ್ಲ ಸುಳ್ಳರೆಂಬ ಎಣಿಕೆಯಿಂದ ಹಾಕಿದ ಷರತ್ತಿಗೆ 1958ರ ತೀರ್ಪಿನಲ್ಲಿ ಆಸರೆಯಿಲ್ಲ. 2016ರ ತೀರ್ಪಿನಲ್ಲಿಯೂ ಇಲ್ಲ.

ಎರಡು ಗೊಂದಲಗಳನ್ನು ಇಲ್ಲಿಯೇ ಬಿಡಿಸಿಬಿಡುತ್ತೇವೆ. ಪ್ರೋನೋಟಿನ ಹಣ ಕೊಡದವರ ಮೇಲೆ 138ನೇ ಕಲಮಿನ ಕ್ರಿಮಿನಲ್ ಕೇಸು ಹಾಕಬಹುದೇ ಎಂದು ಕೇಳುವವರಿದ್ದಾರೆ. ಅದು ಚೆಕ್ಕಿಗೆ ಮಾತ್ರ. ಇನ್ನು, ಸಂಘವೇ ತನ್ನ ಸದಸ್ಯರ ಮೇಲೆ ಸಂಘದ ಸಾಲಕ್ಕಾಗಿ ಇಂಥ ದಾವೆ ಹೂಡುವಂತಿಲ್ಲ. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಂತೆ ಆ ವಿವಾದ ಹೋಗುವುದು ರಿಜಿಸ್ಟ್ರಾರರ ಮುಂದೆ.

ಅನುಮತಿ ಸಿಕ್ಕಿಯೂ ಷರತ್ತಿನ ಹಣವನ್ನು ಹೇಳಿದ ಅವಧಿಯಲ್ಲಿ ಕಟ್ಟದಿದ್ದರೆ ವಾದಿಗೆ ಕೂಡಲೇ ತೀರ್ಪು ಪಡೆಯುವ ಹಕ್ಕು ಬರುತ್ತದೆ. ಡಿಕ್ರಿಯಾದ ಮೇಲೆ ಅದನ್ನು ತೆಗೆಸಲು 37ನೇ ಆದೇಶದ 4ನೇ ನಿಯಮವಿದೆ. ಆದರೆ ಅಲ್ಲಿ ಕಾನೂನು ಕೇಳುವುದು ವಿಶೇಷ ಸನ್ನಿವೇಶವನ್ನು. ಏಕಪಕ್ಷೀಯ ಡಿಕ್ರಿಗೆ ಸಾಮಾನ್ಯ ದಾವೆಗಳಲ್ಲಿ ಸಾಕಾಗುವ ಕಾರಣಕ್ಕಿಂತ ಅದು ಬಿಗಿಯಾದದ್ದು. ಸಮನ್ಸು ನಿಜವಾಗಿ ಮುಟ್ಟಿರಲೇ ಇಲ್ಲವೆಂದು ತೋರಿಸಬಲ್ಲವರು ಆ ಬಾಗಿಲನ್ನು ತಟ್ಟಬಹುದು. ಆಗಲೂ ತಮ್ಮ ಪ್ರತಿವಾದದಲ್ಲಿ ಹುರುಳಿದೆಯೆಂಬುದನ್ನು ಅದೇ ಅರ್ಜಿಯಲ್ಲಿ ತೋರಿಸಬೇಕಾಗುತ್ತದೆ.